ಕೊಲೊನೋಸ್ಕೋಪಿಗೆ ಮೊದಲು ಬರುವ ಮೆಸೇಜುಗಳನ್ನು ಒಟ್ಟಿಗಿಟ್ಟು ಓದುವುದು

ಬೆಂಗಳೂರಿನ ಆಸ್ಪತ್ರೆಯೊಂದರ ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್ ಕೆಲಸ ನನ್ನದು. ಟೆಸ್ಟಿನ ದಿನ ಬಂದು, ಹೊಟ್ಟೆ ಸ್ವಚ್ಛವಾಗಿಲ್ಲ ಅಂತ ವಾಪಸ್ ಹೋಗುವವರಲ್ಲಿ ಬಹಳ ಮಂದಿ ಉದಾಸೀನ ಮಾಡಿದವರಲ್ಲ. ಕೈಯಲ್ಲಿದ್ದ ಮೆಸೇಜನ್ನು ಅಕ್ಷರಶಃ ಪಾಲಿಸಿದವರೇ. ಎರಡು ಮೆಸೇಜು ಒಂದಕ್ಕೊಂದು ವಿರುದ್ಧ ಹೇಳಿದಾಗ ಯಾವುದನ್ನು ಹಿಡಿಯಬೇಕು ಅನ್ನುವುದು ಅವರಿಗೆ ಯಾರೂ ಹೇಳಿರುವುದಿಲ್ಲ. ಈ ಸಲ ನಮ್ಮ ದೊಡ್ಡಮ್ಮನಿಗೆ ಬೇರೊಂದು ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡುವ ಟೆಸ್ಟು, ಗೊತ್ತುಮಾಡಿದರು. ಅವರ ಫೋನಿಗೆ ಬಂದ ಮೆಸೇಜುಗಳನ್ನು ಕೂತು ಬಿಡಿಸಿದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೆ 66 ವರ್ಷ, ಮನೆ ಕೆಂಗೇರಿ ಉಪನಗರದಲ್ಲಿ. ಶುಗರ್, ಬಿಪಿ ಎರಡೂ ಇದೆ. ರಕ್ತ ಕಡಿಮೆ ಇದೆ ಅಂತ ಐರನ್ ಮಾತ್ರೆ, ಜೊತೆಗೆ ದಿನಕ್ಕೊಂದು ಸಣ್ಣ ಡೋಸಿನ ಆಸ್ಪಿರಿನ್ ನುಂಗುತ್ತಾರೆ. ಟೆಸ್ಟು ಗುರುವಾರ. ಮೊದಲ ಮೆಸೇಜು ಬಂದದ್ದು ಅದರ ಹಿಂದಿನ ವಾರದ ಬುಧವಾರ.

ಅದು ಬುಕಿಂಗ್ ಎಸ್ಎಂಎಸ್. ಗುರುವಾರ ಬೆಳಿಗ್ಗೆ 9:00ಕ್ಕೆ ಅಪಾಯಿಂಟ್‌ಮೆಂಟ್, 8:00ಕ್ಕೆ ರಿಪೋರ್ಟಿಂಗ್, 8 ಗಂಟೆ ಫಾಸ್ಟಿಂಗ್, ಹಳೆಯ ರಿಪೋರ್ಟ್ ತನ್ನಿ. ಅದೇ ಸಂಜೆ ವಾಟ್ಸಾಪ್‌ನಲ್ಲಿ ಒಂದು ಪುಟದ ಪಿಡಿಎಫ್ ಬಂತು. ಅದರಲ್ಲಿದ್ದುದನ್ನು ಕನ್ನಡದಲ್ಲಿ ಇಳಿಸಿದರೆ ಹೀಗೆ: ಎರಡು ದಿನ ಮೊದಲಿನಿಂದ ನಾರಿಲ್ಲದ ಊಟ. ಹಿಂದಿನ ದಿನ ಮಧ್ಯಾಹ್ನದ ಊಟದ ಮೇಲೆ ತಿಳಿಯಾದ ದ್ರವ ಮಾತ್ರ. ಹೊಟ್ಟೆ ತೊಳೆಯುವ ಭೇದಿ ಪೌಡರ್ ಒಂದು ಪ್ಯಾಕೆಟ್ 2 ಲೀಟರ್ ನೀರಿಗೆ. ಅದರಲ್ಲಿ 1 ಲೀಟರ್ ಸಂಜೆ 6ಕ್ಕೆ, ಉಳಿದ 1 ಲೀಟರ್ ಬೆಳಗಿನ ಜಾವ 4ಕ್ಕೆ. ಆಮೇಲೆ ಎನ್‌ಪಿಒ, ಅಂದರೆ ಬಾಯಿಗೆ ಏನೂ ಹಾಕುವಂತಿಲ್ಲ. ಐರನ್ ಮಾತ್ರೆ 7 ದಿನ ಮೊದಲೇ ನಿಲ್ಲಿಸಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ತಿಳಿಸಿ. ಟೆಸ್ಟಿನ ದಿನ ಬೆಳಿಗ್ಗೆ ಶುಗರ್ ಮಾತ್ರೆ ಬೇಡ. ವೈರಲ್ ಮಾರ್ಕರ್ ರಿಪೋರ್ಟ್ ತನ್ನಿ. ಅಟೆಂಡರ್ ಕಡ್ಡಾಯ.

ಮೂರನೆಯದು ಸೋಮವಾರ ಬಂತು: ನಿಮ್ಮ ಅಪಾಯಿಂಟ್‌ಮೆಂಟ್ ಮಧ್ಯಾಹ್ನ 1:30ಕ್ಕೆ ಬದಲಾಗಿದೆ. ಅಷ್ಟೇ, ಬೇರೆ ಮಾತಿಲ್ಲ. ನಾಲ್ಕನೆಯದು ಮಂಗಳವಾರದ ರಿಮೈಂಡರ್: ಮಧ್ಯಾಹ್ನ 1:30, ರಾತ್ರಿ 12ರಿಂದ ಎನ್‌ಪಿಒ.

ನಾಲ್ಕನ್ನೂ ಬಂದ ಕ್ರಮದಲ್ಲಿ ಓದಿ, ಕೊನೆಗೆ ಬಂದದ್ದೇ ಸರಿ ಅಂದುಕೊಂಡರೆ ದೊಡ್ಡಮ್ಮ ರಾತ್ರಿ 12ರಿಂದ ನೀರೂ ಕುಡಿಯದೆ ಕೂರುತ್ತಿದ್ದರು. ಎರಡನೆಯ ಲೀಟರ್ ಔಷಧಿ ಒಳಗೆ ಹೋಗುತ್ತಲೇ ಇರಲಿಲ್ಲ. ಟೆಸ್ಟು ಕೆಡಲು ಅಷ್ಟು ಸಾಕು.

ಮೊದಲು ನೋಡಬೇಕಾದದ್ದು ಮೆಸೇಜು ಎಲ್ಲಿಂದ ಹೊರಟಿದೆ ಅನ್ನುವುದನ್ನು. ಬುಕಿಂಗ್ ಎಸ್ಎಂಎಸ್ ಮತ್ತು ರಿಮೈಂಡರ್ ಎರಡನ್ನೂ ಕಳಿಸುವುದು ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್. ಹೊಟ್ಟೆಯ ಸ್ಕ್ಯಾನಿಂಗ್‌ಗೆ, ಫಾಸ್ಟಿಂಗ್ ಶುಗರ್‌ಗೆ, ಎಂಡೋಸ್ಕೋಪಿಗೆ ಎಲ್ಲಕ್ಕೂ ಅದರಲ್ಲಿ ಹೆಚ್ಚುಕಡಿಮೆ ಒಂದೇ ಸಾಲು ತುಂಬಿರುತ್ತದೆ. ಪಿಡಿಎಫ್ ಮಾಡಿರುವುದು ಟೆಸ್ಟು ನಡೆಸುವ ವಿಭಾಗ. ದಿನ, ಗಂಟೆ, ಜಾಗಕ್ಕೆ ಸಾಫ್ಟ್‌ವೇರಿನ ಮೆಸೇಜಿನಲ್ಲಿ ಕೊನೆಯದನ್ನು ನಂಬಬೇಕು. ಊಟ, ಔಷಧಿ, ತಯಾರಿಗೆ ವಿಭಾಗದ ಹಾಳೆಯನ್ನು ಹಿಡಿಯಬೇಕು. ಹಾಗಂತ ಹಾಳೆಯೂ ಕಣ್ಣುಮುಚ್ಚಿ ಪಾಲಿಸುವಂಥದ್ದಲ್ಲ. ಅದರಲ್ಲಿ ಅಚ್ಚಾಗಿರುವ ಗಂಟೆಗಳು ಯಾವುದೋ ಒಂದು ಸ್ಲಾಟಿಗೆ ಲೆಕ್ಕ ಹಾಕಿದವು. ಸ್ಲಾಟು ಸರಿದರೆ ಆ ಗಂಟೆಗಳೂ ಸರಿಯಬೇಕು, ಆದರೆ ಹಾಳೆ ಹಳೆಯದೇ ಇರುತ್ತದೆ.

ಬೆಳಗಿನ ಜಾವ 4 ಗಂಟೆ ಎಲ್ಲಿಂದ ಬಂತು? ಎರಡನೆಯ ಭಾಗವನ್ನು ಟೆಸ್ಟು ಶುರುವಾಗುವ 4ರಿಂದ 6 ಗಂಟೆ ಮೊದಲು ಕುಡಿಯಲು ಆರಂಭಿಸಬೇಕು, ಟೆಸ್ಟಿಗೆ ಕನಿಷ್ಠ 2 ಗಂಟೆ ಮೊದಲು ಮುಗಿಸಿರಬೇಕು. 9 ಗಂಟೆಯ ಟೆಸ್ಟಿಗೆ 4 ಗಂಟೆ ಅಂದರೆ 5 ಗಂಟೆ ಮೊದಲು; ಸರಿಯಾಗಿದೆ. ಟೆಸ್ಟು 1:30ಕ್ಕೆ ಹೋದ ಮೇಲೂ 4ಕ್ಕೇ ಕುಡಿದರೆ ನಡುವೆ ಒಂಬತ್ತೂವರೆ ಗಂಟೆ ಅಂತರ ಬೀಳುತ್ತದೆ. ಇದರಿಂದೇನು ನಷ್ಟ ಅಂದರೆ, ನಾವು ಏನೂ ತಿನ್ನದಿದ್ದರೂ ಪಿತ್ತರಸ ಮತ್ತು ಸಣ್ಣ ಕರುಳಿನ ಲೋಳೆ ಕೆಳಗೆ ಇಳಿಯುತ್ತಲೇ ಇರುತ್ತವೆ. ಅದು ಮೊದಲು ಬಂದು ಅಂಟುವುದು ದೊಡ್ಡ ಕರುಳಿನ ಬಲಭಾಗಕ್ಕೆ. ಅಲ್ಲಿ ಕರುಳಿನ ಒಳಗೋಡೆಯ ಮೇಲೆ ಬೆಳೆದಿರುವ ಚಪ್ಪಟೆ ಗಂಟುಗಳು, ಅಂದರೆ ಪಾಲಿಪ್‌ಗಳು ಆ ಲೇಪದ ಕೆಳಗೆ ಕಾಣದೆ ಹೋಗುತ್ತವೆ. ಔಷಧಿಯನ್ನು ಎರಡು ಭಾಗ ಮಾಡಿ ಒಂದನ್ನು ಟೆಸ್ಟಿನ ದಿನವೇ ಕುಡಿಸುವುದು ಆ ಲೇಪವನ್ನು ತೊಳೆಯಲಿ ಅಂತ.

ಹಾಗಾಗಿ ಹಾಳೆಯ ಗಂಟೆಗಳನ್ನು ಬದಿಗಿಟ್ಟು ಒಂದು ಕಾಗದದ ತುದಿಯಲ್ಲಿ 1:30 ಅಂತ ಬರೆದು ಹಿಂದಕ್ಕೆ ಎಣಿಸಿದೆವು. ಎಣಿಸಬೇಕಾದದ್ದು ಟೆಸ್ಟು ಶುರುವಾಗುವ ಗಂಟೆಯಿಂದ, ರಿಪೋರ್ಟಿಂಗ್ ಗಂಟೆಯಿಂದಲ್ಲ. ರಿಪೋರ್ಟಿಂಗ್ ಅಂದರೆ ಕೌಂಟರಿನಲ್ಲಿ ಹೆಸರು ಹೇಳುವ ಹೊತ್ತು. ಬಿಲ್ಲು, ಒಪ್ಪಿಗೆ ಪತ್ರ, ಗೌನು, ಕೈಗೆ ಸೂಜಿ ಹಾಕುವುದು ಎಲ್ಲ ಆದ ಮೇಲೆ ಟೆಸ್ಟು. 1:30ರಿಂದ 2 ಗಂಟೆ ಹಿಂದಕ್ಕೆ 11:30. ಅಷ್ಟರ ಮೇಲೆ ಒಂದು ಗುಟುಕು ನೀರೂ ಇಲ್ಲ. 4ರಿಂದ 6 ಗಂಟೆ ಹಿಂದಕ್ಕೆ ಅಂದರೆ 7:30ರಿಂದ 9:30. ಅದರ ನಡುವೆ ಎಲ್ಲಿಯಾದರೂ ಶುರು ಮಾಡಬಹುದು. ಕೆಂಗೇರಿಯಿಂದ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ಹೋಗಬೇಕು, ಕುಡಿದು ಮುಗಿಸಿದ ಮೇಲೂ ಗಂಟೆ ಎರಡು ಗಂಟೆ ಟಾಯ್ಲೆಟ್ಟಿಗೆ ಓಡಾಟ ಇರುತ್ತದೆ. ನೈಸ್ ರಸ್ತೆ ಹಿಡಿದರೆ ಬೇಗ ತಲುಪಬಹುದು ನಿಜ, ಆದರೆ ನಡುವೆ ಇಳಿದು ಟಾಯ್ಲೆಟ್ ಹುಡುಕುವುದು ಸುಲಭವಲ್ಲ. ಆದ್ದರಿಂದ ಆ ಅವಧಿಯ ಮೊದಲ ತುದಿಯನ್ನೇ ಹಿಡಿದು 7:30ಕ್ಕೆ ಶುರು, 9ರೊಳಗೆ ಮುಕ್ತಾಯ, 11:15ಕ್ಕೆ ಮನೆಯಿಂದ ಹೊರಡುವುದು ಅಂತ ಬರೆದುಕೊಂಡೆವು. ಕಾರಿನ ಸೀಟಿಗೆ ಒಂದು ಹಳೆಯ ಟವೆಲ್, ಬದಲಿ ಬಟ್ಟೆ, ವಯಸ್ಕರ ಡಯಾಪರ್ ಒಂದು. ಇದಕ್ಕೆ ಸಂಕೋಚ ಪಡಬೇಕಿಲ್ಲ.

ಇದು ನಮ್ಮ ಲೆಕ್ಕ. ಅವರ ವಿಭಾಗ ಒಪ್ಪಬೇಕಲ್ಲ, ಫೋನ್ ಮಾಡಿದೆವು. ಎಸ್ಎಂಎಸ್ ಕೆಳಗಿರುವ ನಂಬರು ಸಾಮಾನ್ಯವಾಗಿ ಕಾಲ್ ಸೆಂಟರಿನದು. ಅಲ್ಲಿ ಕೇಳಿದರೆ ಪರದೆಯ ಮೇಲಿರುವುದನ್ನೇ, ಅಂದರೆ ರಾತ್ರಿ 12ರ ಮಾತನ್ನೇ, ಓದಿ ಹೇಳುತ್ತಾರೆ. ಅವರ ತಪ್ಪಲ್ಲ, ಅವರಿಗೆ ಕಾಣುವುದು ಅಷ್ಟೇ. ಎಂಡೋಸ್ಕೋಪಿ ವಿಭಾಗಕ್ಕೆ ಕನೆಕ್ಟ್ ಮಾಡಿ ಅಂತ ಕೇಳಬೇಕು. ಬೆಳಿಗ್ಗೆ ಲಿಸ್ಟು ಶುರುವಾಗುವ ಹೊತ್ತಿನಲ್ಲಿ ಯಾರೂ ಫೋನ್ ಎತ್ತುವುದಿಲ್ಲ; ಮಧ್ಯಾಹ್ನ 3ರ ಮೇಲೆ ಸಿಗುತ್ತಾರೆ.

ಕೇಳುವ ಧಾಟಿಯಲ್ಲೂ ವ್ಯತ್ಯಾಸವಿದೆ. "ಏನು ಮಾಡಬೇಕು ಮೇಡಂ?" ಅಂದರೆ "ಹಾಳೆ ಕಳಿಸಿದ್ದೀವಲ್ಲ, ಅದರ ಪ್ರಕಾರ ಮಾಡಿ" ಅನ್ನುತ್ತಾರೆ. ಲೆಕ್ಕ ಮುಂದಿಟ್ಟು ಹೌದೋ ಅಲ್ಲವೋ ಅಂತ ಕೇಳಬೇಕು. ನಾನು ಕೇಳಿದ್ದು ಹೀಗೆ: "ಮೇಡಂ, ಪೇಶೆಂಟ್ ಸ್ಲಾಟ್ 9ರಿಂದ 1:30ಕ್ಕೆ ಹೋಗಿದೆ. ಎರಡನೇ ಲೀಟರ್ ಬೆಳಿಗ್ಗೆ 7:30ಕ್ಕೆ ಶುರು ಮಾಡಿ 9ಕ್ಕೆ ಮುಗಿಸ್ತೀವಿ, ಬರೀ ನೀರು 11:30ರವರೆಗೆ. ಸರಿ ಇದೆಯಾ? ರಿಮೈಂಡರ್‌ನಲ್ಲಿ ರಾತ್ರಿ 12ರಿಂದ ಎನ್‌ಪಿಒ ಅಂತಿದೆ." ಆ ಕಡೆಯಿಂದ ಉತ್ತರ ತಕ್ಷಣ ಬಂತು: "12ರದು ಬಿಡಿ, ಅದು ಎಲ್ಲರಿಗೂ ಹೋಗತ್ತೆ. ನೀವು ಹೇಳಿದ್ದು ಸರಿ. ನೀರು ಮಾತ್ರ 11ಕ್ಕೇ ನಿಲ್ಲಿಸಿ, ನಮ್ಮ ಅನಸ್ತೇಶಿಯಾ ಡಾಕ್ಟ್ರು ಸ್ವಲ್ಪ ಸ್ಟ್ರಿಕ್ಟು." ಕಾಗದದಲ್ಲಿ 11:30 ಹೊಡೆದು 11 ಮಾಡಿದೆವು. ಹೇಳಿದವರ ಹೆಸರು ಮತ್ತು ಮಾತಾಡಿದ ಹೊತ್ತನ್ನು ಪಕ್ಕದಲ್ಲೇ ಗುರುತು ಹಾಕಿಕೊಂಡರೆ ಟೆಸ್ಟಿನ ದಿನ ಯಾರಾದರೂ "ಬೆಳಿಗ್ಗೆ ಯಾಕೆ ಕುಡಿದಿರಿ" ಅಂದಾಗ ಗೊಂದಲವಾಗುವುದಿಲ್ಲ.

ಇಷ್ಟಾದರೂ ನೀರಿನ ವಿಷಯದಲ್ಲಿ 2 ಗಂಟೆ ಸಾಕು ಅನ್ನುವುದು ಹಲವರಿಗೆ ನಂಬಿಕೆ ಬರುವುದಿಲ್ಲ. ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಾರದು ಅನ್ನುವುದು ಉಪವಾಸದ ಉದ್ದೇಶ. ನೀರು, ತಿಳಿಯಾದ ದ್ರವ ಜಠರದಿಂದ ಬೇಗ ಇಳಿದುಹೋಗುತ್ತವೆ, ಅದಕ್ಕೆ 2 ಗಂಟೆ. ಹಾಲಿಗೆ, ಲಘು ಊಟಕ್ಕೆ 6 ಗಂಟೆ ಬೇಕು. ಬೆಳಿಗ್ಗೆ ಒಂದೇ ಒಂದು ಲೋಟ ಹಾಲು ಹಾಕಿದ ಕಾಫಿ ಕುಡಿದು ಬಂದವರನ್ನು ಕಾಯಿಸುವುದು ಇದೇ ಕಾರಣಕ್ಕೆ. ಜಠರ ತಡವಾಗಿ ಖಾಲಿಯಾಗುವ ತೊಂದರೆ ಇರುವವರು, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಈ ಗಂಟೆಗಳು ಬದಲಾಗಬಹುದು.

ಇನ್ನು ಮಾತ್ರೆಗಳು. ಹಾಳೆಯಲ್ಲಿ ಇವಕ್ಕೆ ಮೂರೇ ಸಾಲು, ಆದರೆ ಅಪಾಯ ಇರುವುದೆಲ್ಲ ಇಲ್ಲೇ. ದೊಡ್ಡಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಒಂದೊಂದು ಸ್ಟ್ರಿಪ್ಪಿನ ಹಿಂಭಾಗದ ಸಣ್ಣ ಅಕ್ಷರ ಓದಿದೆವು. ಮುಂದಿರುವ ಬ್ರ್ಯಾಂಡ್ ಹೆಸರಿನಿಂದ ಒಳಗೇನಿದೆ ಗೊತ್ತಾಗುವುದಿಲ್ಲ. ಹಿಂದಿರುವ ರಾಸಾಯನಿಕ ಹೆಸರುಗಳನ್ನೇ ಓದಬೇಕು, ಕೆಲವೊಮ್ಮೆ ಒಂದೇ ಮಾತ್ರೆಯಲ್ಲಿ ಎರಡು ಮೂರು ಇರುತ್ತವೆ.

ಅವರ ಶುಗರ್ ಮಾತ್ರೆಯ ಹಿಂದೆ ಡಾಪಾಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್ ಎರಡೂ ಇತ್ತು. ಹಾಳೆ ಹೇಳಿದ್ದು ಟೆಸ್ಟಿನ ದಿನ ಬೆಳಿಗ್ಗೆ ಶುಗರ್ ಮಾತ್ರೆ ಬೇಡ ಅಂತ ಮಾತ್ರ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಹೆಚ್ಚುಕಡಿಮೆ ಅಷ್ಟು ಸಾಕಿತ್ತು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ, ಹೆಸರಿನ ಕೊನೆಯಲ್ಲಿ 'ಗ್ಲಿಫ್ಲೋಜಿನ್' ಅಂತ ಬರುವ ಮಾತ್ರೆಗಳನ್ನು ಉಪವಾಸ ಬೇಕಾದ ಇಂಥ ವಿಧಾನಕ್ಕೆ ಕನಿಷ್ಠ 3 ದಿನ ಮೊದಲೇ ನಿಲ್ಲಿಸುವುದು ರೂಢಿ. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಊಟವಿಲ್ಲದೆ, ಭೇದಿಯಿಂದ ನೀರು ಹೋಗುತ್ತಿರುವಾಗಲೂ ಮಾತ್ರೆ ಒಳಗಿದ್ದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಆಮ್ಲ ತುಂಬಿಕೊಳ್ಳುವ ಸಾಧ್ಯತೆ ಇದೆ. ಅದರಲ್ಲೂ ಮೋಸವೇನೆಂದರೆ, ಗ್ಲೂಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ತೋರಿಸದೆ ಇದು ಆಗಬಹುದು. ಹೊಟ್ಟೆ ತೊಳೆಸುವುದು, ವಾಂತಿ, ಸುಸ್ತು, ಉಸಿರಾಟ ಜೋರಾಗುವುದು ಲಕ್ಷಣಗಳು; ಕುಡಿದ ಔಷಧಿಯಿಂದಲೇ ಹೀಗಾಗುತ್ತಿದೆ ಅಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. ಒಂದು ಪುಟದ ಹಾಳೆಯಲ್ಲಿ ಈ ಸಾಲು ಇರಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗಂತ ನಾವೇ ಮಾತ್ರೆ ನಿಲ್ಲಿಸಲಿಲ್ಲ. ಅದನ್ನು ಬರೆದುಕೊಟ್ಟ ಶುಗರ್ ಡಾಕ್ಟರಿಗೆ ಟೆಸ್ಟು ಯಾವ ದಿನ ಅಂತ ತಿಳಿಸಿ ಕೇಳಿದೆವು. ಕೊನೆಯ ಜೋಡಿ ಮಾತ್ರೆ ಭಾನುವಾರ, ಸೋಮವಾರದಿಂದ ಬುಧವಾರ ಬೆಳಿಗ್ಗೆಯವರೆಗೆ ಬರೀ ಮೆಟ್‌ಫಾರ್ಮಿನ್, ಆಮೇಲೆ ಟೆಸ್ಟು ಮುಗಿಯುವವರೆಗೆ ಏನೂ ಬೇಡ, ದಿನಕ್ಕೆ ನಾಲ್ಕು ಸಲ ಶುಗರ್ ಚೆಕ್ ಮಾಡಿ ಅಂದರು. ಗ್ಲಿಮೆಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಚಿಂತೆ ಬೇರೆ. ಅವರಿಗೆ ಬುಧವಾರವೇ, ಊಟ ನಿಂತ ಹೊತ್ತಿನಿಂದಲೇ, ಸಕ್ಕರೆ ಕುಸಿಯಬಹುದು. ಡೋಸು ಎಷ್ಟು ಇಳಿಸಬೇಕು ಅಂತ ಡಾಕ್ಟರೇ ಹೇಳಬೇಕು. 70ಕ್ಕಿಂತ ಕೆಳಗೆ ಬಂದರೆ, ಅಥವಾ ಕೈ ನಡುಗಿ ಬೆವರು ಬಂದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯುವುದು, 15 ನಿಮಿಷ ಬಿಟ್ಟು ಮತ್ತೆ ನೋಡುವುದು. ಅದು ನೀರು ನಿಲ್ಲಿಸಿದ ಹೊತ್ತಾಗಿದ್ದರೂ ಕುಡಿಯಲೇಬೇಕು. ಕುಡಿದು ವಿಭಾಗಕ್ಕೆ ಫೋನ್ ಮಾಡಿ ಹೇಳಬೇಕು. ಟೆಸ್ಟು ಸ್ವಲ್ಪ ತಡವಾಗಬಹುದು, ಆಗಲಿ.

ಐರನ್ ಮಾತ್ರೆ 7 ದಿನ ಅಂದರೆ ಗುರುವಾರದ ಟೆಸ್ಟಿಗೆ ಹಿಂದಿನ ಗುರುವಾರದಿಂದಲೇ ನಿಲ್ಲಬೇಕು. ಹಾಳೆ ಬಂದದ್ದು ಬುಧವಾರ ಸಂಜೆ, ಹಾಗಾಗಿ ಮರುದಿನದಿಂದಲೇ. ಈ ಸಾಲು ಪುಟದ ಕೆಳಗಿತ್ತು, ಆದರೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅದೇ ಆಗಿತ್ತು. ಟೆಸ್ಟಿನ ಹಿಂದಿನ ದಿನ ಓದಿಕೊಂಡರಾಯಿತು ಅಂತ ಪಿಡಿಎಫ್ ಬಿಚ್ಚದೆ ಇಟ್ಟವರು ತಪ್ಪಿಸಿಕೊಳ್ಳುವುದು ಇಂಥ ಸಾಲುಗಳನ್ನೇ. ಐರನ್ನಿನಿಂದ ಮಲ ಕಪ್ಪಾಗಿ, ಅಂಟಂಟಾಗಿ ಕರುಳಿನ ಗೋಡೆಗೆ ಹಿಡಿದುಕೊಳ್ಳುತ್ತದೆ, ಎಷ್ಟು ನೀರು ಹಾಯಿಸಿದರೂ ಬೇಗ ಬಿಡುವುದಿಲ್ಲ. ಮಲ್ಟಿವಿಟಮಿನ್ ಅಂತ ತೆಗೆದುಕೊಳ್ಳುವ ಮಾತ್ರೆಯಲ್ಲೂ ಐರನ್ ಇರಬಹುದು, ಸ್ಟ್ರಿಪ್ಪಿನ ಹಿಂದೆ ನೋಡಬೇಕು.

ಆಸ್ಪಿರಿನ್ನೂ ರಕ್ತ ತೆಳು ಮಾಡುವ ಮಾತ್ರೆಯೇ, ಅದರ ಬಗ್ಗೆ ಹಾಳೆ "ತಿಳಿಸಿ" ಅಂದಿತ್ತು. ಅದನ್ನು "ನಿಲ್ಲಿಸಿ" ಅಂತ ಓದಿಕೊಳ್ಳುವವರು ಬಹಳ. ಸಣ್ಣ ಡೋಸಿನ ಆಸ್ಪಿರಿನ್ನನ್ನು ಕೊಲೊನೋಸ್ಕೋಪಿಗೆ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ದೊಡ್ಡಮ್ಮನಿಗೂ ಮುಂದುವರಿಸಿ ಅಂದರು. ಕ್ಲೋಪಿಡೋಗ್ರೆಲ್, ವಾರ್ಫರಿನ್ ಮೊದಲಾದವಕ್ಕೆ ಎಷ್ಟು ದಿನ ಬಿಡಬೇಕು, ಬಿಡಬಹುದೋ ಇಲ್ಲವೋ ಅನ್ನುವುದನ್ನು ಹೃದಯದ ಡಾಕ್ಟರೂ ಎಂಡೋಸ್ಕೋಪಿ ಡಾಕ್ಟರೂ ಸೇರಿ ತೀರ್ಮಾನಿಸಬೇಕು. ಈಚೆಗೆ ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ಬಿಟ್ಟರೆ ಸ್ಟೆಂಟೇ ಕಟ್ಟಿಕೊಳ್ಳಬಹುದು. ಬಿಪಿ ಮಾತ್ರೆಯ ಬಗ್ಗೆ ಹಾಳೆಯಲ್ಲಿ ಒಂದು ಮಾತೂ ಇರಲಿಲ್ಲ. ಫೋನಿನಲ್ಲಿ ಕೇಳಿದಾಗ, ಗುರುವಾರ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲಿ ಅಂದರು. ಅದಕ್ಕೆ 6 ಗಂಟೆ ಗೊತ್ತುಮಾಡಿದೆವು. ಔಷಧಿ ಕುಡಿಯಲು ಶುರು ಮಾಡುವ ಒಂದು ಗಂಟೆಯೊಳಗೆ ನುಂಗಿದ ಮಾತ್ರೆ ಕರಗಿ ಒಳಗೆ ಸೇರುವ ಮುಂಚೆಯೇ ಕೊಚ್ಚಿಹೋಗಬಹುದು.

"ಎರಡು ದಿನ ನಾರಿಲ್ಲದ ಊಟ" ಅನ್ನುವುದನ್ನು ನಮ್ಮ ಅಡುಗೆಮನೆಗೆ ಇಳಿಸುವುದು ಅಷ್ಟು ಸಲೀಸಲ್ಲ. ಹಾಳೆಯಲ್ಲಿದ್ದ ಬಿಳಿ ಬ್ರೆಡ್ಡು, ಪಾಸ್ತಾ ದೊಡ್ಡಮ್ಮನಿಗೆ ಆಗುವುದಲ್ಲ. ಮಂಗಳವಾರ ಇಡೀ ದಿನ, ಬುಧವಾರ ಮಧ್ಯಾಹ್ನದವರೆಗೆ ಬಿಳಿ ಅನ್ನ, ಇಡ್ಲಿ, ಮೊಸರನ್ನ, ಚೆನ್ನಾಗಿ ಬೆಂದ ಹೆಸರುಬೇಳೆಯ ತೆಳು ಕಟ್ಟು ಇಷ್ಟು ಸಾಕು. ರಾಗಿ ಮುದ್ದೆ ಬೇಡ. ಸೊಪ್ಪು, ಅವರೆಕಾಳು, ಹುರುಳಿ, ಸಿಪ್ಪೆಯಿರುವ ತರಕಾರಿ, ಸೀಬೆ, ದಾಳಿಂಬೆ ಬೇಡ. ಎಲ್ಲರೂ ಮರೆಯುವುದು ಒಗ್ಗರಣೆಯನ್ನು. ಮೊಸರನ್ನಕ್ಕೆ ಹಾಕಿದ ಸಾಸಿವೆ, ಚಿತ್ರಾನ್ನದ ಕಡಲೆಬೇಳೆ, ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪು ಕರುಳಿನಲ್ಲಿ ಹಾಗ್ಹಾಗೇ ಸಿಗುತ್ತವೆ. ಸ್ಕೋಪಿನೊಳಗಿನ ಹೀರುವ ನಳಿಕೆ ಕೆಲವೇ ಮಿಲಿಮೀಟರ್ ಅಗಲ. ಟೊಮೆಟೊ ಬೀಜ, ಸಾಸಿವೆ ಕಾಳು ಅದರಲ್ಲಿ ಸಿಕ್ಕಿಕೊಂಡರೆ ಡಾಕ್ಟರಿಗೆ ಕೊಳೆ ನೀರನ್ನು ಹೀರಿ ತೆಗೆಯಲು ಆಗುವುದಿಲ್ಲ, ಸ್ಕೋಪು ಹೊರಗೆ ತೆಗೆದು ತೊಳೆಯಬೇಕಾಗುತ್ತದೆ. "ಒಗ್ಗರಣೆ ಇಲ್ಲದ ಮೊಸರನ್ನ ಹೇಗೆ ತಿನ್ನೋದಮ್ಮ?" ಅಂತ ದೊಡ್ಡಮ್ಮ ಕೇಳಿದರು. ಇಂಗು, ಉಪ್ಪು, ಶುಂಠಿ ರಸ ಸೋಸಿ ಹಾಕಿ ಕೊಟ್ಟೆವು, ತಿಂದರು.

ಬುಧವಾರ ಮಧ್ಯಾಹ್ನದ ಮೇಲಿನ "ತಿಳಿಯಾದ ದ್ರವ"ಕ್ಕೆ ಒಂದೇ ಪರೀಕ್ಷೆ: ಗಾಜಿನ ಲೋಟಕ್ಕೆ ಸುರಿದು ಹಿಂದೆ ಪೇಪರ್ ಹಿಡಿದರೆ ಅಕ್ಷರ ಓದಲು ಬರಬೇಕು. ನೀರು, ಸೋಸಿದ ನಿಂಬೆ ಪಾನಕ, ಗಂಜಿ ತೆಗೆದ ಎಳನೀರು, ಓಆರ್‌ಎಸ್, ಹಾಲಿಲ್ಲದ ಟೀ ಇದರಲ್ಲಿ ಬರುತ್ತವೆ. ಡಿಕಾಕ್ಷನ್ ಕಾಫಿಯನ್ನು ಹಾಲಿಲ್ಲದೆ, ತೆಳುವಾಗಿ ಮಾಡಿ ಕುಡಿಯಬಹುದು. ಮಜ್ಜಿಗೆ, ಅನ್ನದ ಗಂಜಿ, ಬೇಳೆಕಟ್ಟು ಎಷ್ಟೇ ತೆಳುವಾಗಿದ್ದರೂ ತಿಳಿಯಲ್ಲ. ಕೆಂಪು, ನೇರಳೆ ಬಣ್ಣದ್ದೂ ಬೇಡ, ದ್ರಾಕ್ಷಿ ರಸ, ಬೀಟ್ರೂಟ್, ಕೋಕಂ ಒಳಗೆ ರಕ್ತದ ಹಾಗೆ ಕಾಣುತ್ತವೆ. ಮೂತ್ರಪಿಂಡದ ತೊಂದರೆ ಇರುವವರು ಎಳನೀರನ್ನು ಕೇಳದೆ ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಅಂಥವರು ಪೌಡರ್ ಬರೆಯುವ ಮೊದಲೇ ಆ ವಿಷಯ ಡಾಕ್ಟರಿಗೆ ಹೇಳಿರಬೇಕು, ಕೆಲವು ಬಗೆಯ ಭೇದಿ ಔಷಧಿ ಅವರಿಗೆ ಆಗುವುದಿಲ್ಲ.

ಪೌಡರ್ ಕದಡುವುದರಲ್ಲೂ ತಪ್ಪಾಗುತ್ತದೆ. "2 ಲೀಟರ್ ಕುಡಿಯೋಕೆ ಆಗಲ್ಲ" ಅಂತ ಒಂದು ಪ್ಯಾಕೆಟ್ಟನ್ನು ಒಂದೇ ಲೀಟರಿಗೆ ಹಾಕುವವರಿದ್ದಾರೆ. ಈ ಪೌಡರಿನಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಜೊತೆ ಲವಣಗಳನ್ನು 2 ಲೀಟರಿಗೆ ಸರಿಹೊಂದುವ ಹಾಗೆ ಬೆರೆಸಿರುತ್ತಾರೆ. ಆ ಹದದಲ್ಲಿದ್ದರೆ ದ್ರವ ದೇಹಕ್ಕೆ ಹೆಚ್ಚು ಸೇರದೆ, ದೇಹದ ನೀರನ್ನೂ ಹೆಚ್ಚು ಎಳೆಯದೆ ಕರುಳನ್ನು ತೊಳೆದುಕೊಂಡು ಹೋಗುತ್ತದೆ. ಗಟ್ಟಿ ಮಾಡಿದರೆ ಆ ಹದ ಕೆಡುತ್ತದೆ. ಬೇರೆ ಬಗೆಯ ಔಷಧಿಗೆ ಅಳತೆ ಬೇರೆ, ಸೀಸೆಯಲ್ಲಿ ಬರುವ ಸಲ್ಫೇಟ್ ದ್ರಾವಣಕ್ಕೆ ಲೆಕ್ಕವೇ ಬೇರೆ. ಹಾಳೆ ಒಂದು ಹೇಳಿ ಮೆಡಿಕಲ್ ಶಾಪಿನವರು ಬೇರೆ ಕೊಟ್ಟಿದ್ದರೆ ಕುಡಿಯುವ ಮೊದಲು ವಿಭಾಗಕ್ಕೆ ಫೋನ್ ಮಾಡಬೇಕು. ನಾವು 1 ಲೀಟರಿನ ಎರಡು ನೀರಿನ ಬಾಟಲಿ ತಂದು, ದೊಡ್ಡ ಪಾತ್ರೆಯಲ್ಲಿ ಇಡೀ ಪ್ಯಾಕೆಟ್ ಕದಡಿ, ಪೂರ್ತಿ ಕರಗಿದ ಮೇಲೆ ವಾಪಸ್ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆವು. ತಣ್ಣಗಿದ್ದರೆ ರುಚಿ ಅಷ್ಟು ಕಾಡುವುದಿಲ್ಲ. ಸಕ್ಕರೆ, ಗ್ಲೂಕೋಸ್ ಪುಡಿ ಅದಕ್ಕೆ ಬೆರೆಸಬಾರದು.

ಕುಡಿಯುವ ವೇಗ 15 ನಿಮಿಷಕ್ಕೆ ಒಂದು ಲೋಟ, 250 ಎಂಎಲ್. ಲೀಟರಿಗೆ ಒಂದು ಗಂಟೆ. ಬುಧವಾರ ಸಂಜೆ 6ರ ಭಾಗದಲ್ಲಿ ಮೂರನೆಯ ಲೋಟಕ್ಕೆ ದೊಡ್ಡಮ್ಮನಿಗೆ ಓಕರಿಕೆ ಬಂತು. ಅರ್ಧ ಗಂಟೆ ನಿಲ್ಲಿಸಿ, ಓಡಾಡಿಸಿ, ಆಮೇಲೆ ಸ್ಟ್ರಾದಲ್ಲಿ ನಿಧಾನಕ್ಕೆ ಕುಡಿಸಿದೆವು. ಹಾಗೆ ಬಿಡುವು ಕೊಡಬೇಕಾಗಬಹುದು ಅಂತಲೇ ಬೆಳಗಿನ ಲೀಟರಿಗೆ ಒಂದೂವರೆ ಗಂಟೆ ಇಟ್ಟಿದ್ದು. ಕುಡಿದದ್ದೆಲ್ಲ ವಾಂತಿಯಾದರೆ, ಹೊಟ್ಟೆ ಉಬ್ಬಿ ನೋವು ಜೋರಾದರೆ ಮುಂದುವರಿಸದೆ ಆಸ್ಪತ್ರೆಗೆ ಕೇಳಬೇಕು.

ತಯಾರಿ ಸಾಕಾಯಿತೋ ಇಲ್ಲವೋ ಅನ್ನುವುದನ್ನು ಯಾವ ಮೆಸೇಜೂ ಹೇಳಿರಲಿಲ್ಲ. ಎಷ್ಟು ಸಲ ಹೋಯಿತು ಅಂತ ಎಣಿಸಿ ಉಪಯೋಗವಿಲ್ಲ, ಕಮೋಡಿನಲ್ಲಿ ನೋಡಬೇಕು. ಮೊದಲು ಗಟ್ಟಿ, ಆಮೇಲೆ ಕಂದು ನೀರು, ಆಮೇಲೆ ಚೂರು ಚೂರು ಇರುವ ಕದಡಿದ ನೀರು, ಕೊನೆಗೆ ಮೂತ್ರದ ಬಣ್ಣದ ತಿಳಿ ಹಳದಿ ನೀರು, ತಳ ಕಾಣಬೇಕು. ಬುಧವಾರ ರಾತ್ರಿ ಕಂದು ನೀರೇ ಇದ್ದರೆ ಗಾಬರಿ ಬೇಡ, ಇನ್ನೊಂದು ಲೀಟರ್ ಬಾಕಿ ಇದೆ. ರಾತ್ರಿಯೇ ತಿಳಿಯಾಯಿತು ಅಂತ ಬೆಳಗಿನ ಲೀಟರನ್ನು ಬಿಡುವುದೂ ಬೇಡ. ಪಿತ್ತದ ಲೇಪದ ವಿಷಯ ಆಗಲೇ ಹೇಳಿದೆ. ಗುರುವಾರ ಎರಡನೆಯ ಲೀಟರ್ ಮುಗಿದು ಒಂದೂವರೆ ಎರಡು ಗಂಟೆಯಾದರೂ ಕಂದು ಬಣ್ಣ, ಚೂರು ಇದ್ದರೆ ಮನೆಯಿಂದ ಹೊರಡುವ ಮೊದಲೇ ವಿಭಾಗಕ್ಕೆ ತಿಳಿಸಬೇಕು. ಎನಿಮಾ ಕೊಡಬಹುದು, ಸರದಿ ಹಿಂದಕ್ಕೆ ಹಾಕಬಹುದು. ಮುಚ್ಚಿಟ್ಟು ಒಳಗೆ ಮಲಗಿದರೆ ಮಾತ್ರ ಇಡೀ ತಯಾರಿ ಮತ್ತೊಂದು ದಿನ ಮೊದಲಿನಿಂದ ಆಗಬೇಕಾಗುತ್ತದೆ. ದೊಡ್ಡಮ್ಮನಿಗೆ 10 ಗಂಟೆ ಸುಮಾರಿಗೆ ತಿಳಿ ಹಳದಿ ಬಂತು.

ವೈರಲ್ ಮಾರ್ಕರ್ ಅಂದರೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ರಕ್ತಪರೀಕ್ಷೆ. ಇದಕ್ಕೆ ಉಪವಾಸ ಬೇಕಿಲ್ಲ. ಹಿಂದಿನ ಶುಕ್ರವಾರವೇ ಮನೆ ಹತ್ತಿರದ ಲ್ಯಾಬಿನಲ್ಲಿ ಮಾಡಿಸಿದೆವು. ಹಳೆಯ ರಿಪೋರ್ಟ್ ಇದ್ದರೆ ಎಷ್ಟು ತಿಂಗಳೊಳಗಿನದು ನಡೆಯುತ್ತದೆ ಅಂತ ಕೇಳಿಕೊಳ್ಳಬೇಕು. ಟೆಸ್ಟಿನ ದಿನವೇ ಅಲ್ಲೇ ಮಾಡಿಸಿದರಾಯಿತು ಅಂದುಕೊಂಡರೆ, ರಿಪೋರ್ಟ್ ಬರುವವರೆಗೆ ಹಸಿದ ಹೊಟ್ಟೆಯಲ್ಲಿ ಕಾಯಬೇಕು. ಅಟೆಂಡರ್ ಅಂದರೆ ಬಿಟ್ಟು ಹೋಗುವ ಡ್ರೈವರ್ ಅಲ್ಲ, ಟೆಸ್ಟು ಮುಗಿದು ಮನೆ ಮುಟ್ಟುವವರೆಗೆ ಜೊತೆಗಿರುವ ವಯಸ್ಕರು. ಅವರು ಇಲ್ಲದಿದ್ದರೆ ನಿದ್ದೆ ಇಂಜೆಕ್ಷನ್ ಕೊಡುವುದಿಲ್ಲ. ಮುಂದಿನ 24 ಗಂಟೆ ಗಾಡಿ ಓಡಿಸುವಂತಿಲ್ಲ, ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವಂಥ ಕೆಲಸವೂ ಬೇಡ.

ಟೆಸ್ಟು 2ರ ಸುಮಾರಿಗೆ ಶುರುವಾಗಿ ಮುಗಿಯಿತು. ಒಂದು ಸಣ್ಣ ಪಾಲಿಪ್ ತೆಗೆದರು. ಹೊರಡುವಾಗ ಬಂದ ಮೆಸೇಜಿನಲ್ಲಿ ಮಾಮೂಲಿ ಊಟ ಮಾಡಬಹುದು ಅಂತಿತ್ತು, ನಿಲ್ಲಿಸಿದ ಮಾತ್ರೆಗಳ ಸುದ್ದಿ ಇರಲಿಲ್ಲ. ಅದನ್ನು ಅಲ್ಲೇ ನಿಂತು ಕೇಳಿ ಡಿಸ್ಚಾರ್ಜ್ ಕಾಗದದ ಮೇಲೆ ಬರೆಸಿಕೊಂಡೆವು: ಆಸ್ಪಿರಿನ್ ಹಾಗೇ ಮುಂದುವರಿಯಲಿ. ಮೆಟ್‌ಫಾರ್ಮಿನ್ ರಾತ್ರಿ ಊಟದ ಜೊತೆ. ಡಾಪಾಗ್ಲಿಫ್ಲೋಜಿನ್ ಇರುವ ಜೋಡಿ ಮಾತ್ರೆ ಹೊಟ್ಟೆ ತುಂಬ ಊಟ, ನೀರು ಎಂದಿನಂತೆ ಸೇರಲು ಶುರುವಾದ ಮೇಲೆ, ಅಂದರೆ ಶನಿವಾರ ಬೆಳಿಗ್ಗೆಯಿಂದ. ಐರನ್ ಭಾನುವಾರದಿಂದ. ಪಾಲಿಪ್ ತೆಗೆದ ಜಾಗದಿಂದ ಕೆಲವೊಮ್ಮೆ ವಾರ ಎರಡು ವಾರ ಬಿಟ್ಟೂ ರಕ್ತ ಬರಬಹುದು, ಹಾಗಾದರೆ ಅಥವಾ ಹೊಟ್ಟೆನೋವು, ಜ್ವರ ಬಂದರೆ ಯಾವ ನಂಬರಿಗೆ ಮಾಡಬೇಕು ಅನ್ನುವುದನ್ನೂ ಬರೆಸಿಕೊಂಡೆವು. ಅವರು ಬರೆದುಕೊಟ್ಟದ್ದು ಕಾಲ್ ಸೆಂಟರಿನ ನಂಬರು. ರಾತ್ರಿಯೂ ಎತ್ತುವ ಎಮರ್ಜೆನ್ಸಿ ವಿಭಾಗದ ನಂಬರು ಕೊಡಿ ಅಂತ ಇನ್ನೊಮ್ಮೆ ಕೇಳಿ ಪಡೆದೆವು.